ಅಪಘಾತ ವರದಿಯ ಜೊತೆ ಹೋಗುವ ಇ-ಮೇಲ್: ವಿಷಯ ಸಾಲಿನಲ್ಲಿ ಏನಿರಬೇಕು?

ಅಪಘಾತವೊಂದರ ವರದಿಯನ್ನು ಬರೆಯುವವರು ಅದಕ್ಕಾಗಿ ಅರ್ಧ ದಿನ ಕಳೆಯುತ್ತಾರೆ. ಅದನ್ನು ಕಳುಹಿಸುವ ಇ-ಮೇಲ್‌ಗೆ ಅರ್ಧ ನಿಮಿಷವನ್ನೂ ಕೊಡುವುದಿಲ್ಲ. ಆದರೆ ವರದಿಯನ್ನು ಪಡೆಯುವವರು ಮೊದಲು ನೋಡುವುದು ವರದಿಯನ್ನಲ್ಲ, ಇ-ಮೇಲ್‌ನ ವಿಷಯ ಸಾಲನ್ನು. ಅದನ್ನು ಓದಿ, ತೆರೆಯಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾರೆ. ತೆರೆದರೆ ಮೊದಲ ನಾಲ್ಕೈದು ಸಾಲು ಓದಿ, ಲಗತ್ತನ್ನು ಈಗಲೇ ನೋಡಬೇಕೇ ನಾಳೆ ನೋಡಿದರೆ ಸಾಕೇ ಎಂದು ತೀರ್ಮಾನಿಸುತ್ತಾರೆ. ವರದಿಯ ನಾಲ್ಕನೆಯ ಪುಟದಲ್ಲಿ ಜೀವ ಉಳಿಸುವ ವಾಕ್ಯವೊಂದಿದ್ದರೂ ಈ ಎರಡು ಬಾಗಿಲುಗಳನ್ನು ದಾಟದೆ ಅದು ಯಾರನ್ನೂ ತಲುಪುವುದಿಲ್ಲ.

ಇದು ಊಹೆಯ ಮಾತಲ್ಲ. ಇ-ಮೇಲ್ ಬಳಕೆ ವ್ಯಾಪಕವಾಗುವ ಮೊದಲೇ, ಕಾಗದದ ಟಿಪ್ಪಣಿಗಳ ಕಾಲದಲ್ಲಿ ಹೀಗೆ ನಡೆದದ್ದಕ್ಕೆ ದಾಖಲೆಯಿದೆ. ಅದನ್ನು ಮೊದಲು ನೋಡಿ, ನಂತರ ನಮ್ಮ ಹರಿಹರ ತಾಲ್ಲೂಕಿನ ಒಂದು ಉದಾಹರಣೆಯನ್ನು ಹಂತ ಹಂತವಾಗಿ ಬಿಡಿಸೋಣ.

ಕೊನೆಯಲ್ಲಿ ಅಡಗಿದ್ದ ವಾಕ್ಯ

1977ರ ಸೆಪ್ಟೆಂಬರ್ 24ರಂದು ಅಮೆರಿಕದ ಓಹಾಯೋ ರಾಜ್ಯದ ಡೇವಿಸ್-ಬೆಸ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಒತ್ತಡ ಇಳಿಸುವ ಕವಾಟವೊಂದು ತೆರೆದುಕೊಂಡು, ಮತ್ತೆ ಮುಚ್ಚಿಕೊಳ್ಳಲಿಲ್ಲ. ರಿಯಾಕ್ಟರನ್ನು ತಂಪಾಗಿಡುವ ನೀರು ಆ ದಾರಿಯಿಂದ ಹೊರಹೋಗತೊಡಗಿತು. ಕೊರತೆ ತುಂಬಲು ಅಧಿಕ ಒತ್ತಡದ ಪಂಪುಗಳು ತಾವಾಗಿ ಚಾಲೂ ಆದವು. ಆದರೆ ಒಂದು ಮಾಪಕದಲ್ಲಿ ನೀರಿನ ಮಟ್ಟ ಏರುತ್ತಿರುವುದನ್ನು ಕಂಡ ಚಾಲಕರು, ನೀರು ಸಾಕಷ್ಟಿದೆ ಎಂದು ತಿಳಿದು ಪಂಪುಗಳನ್ನು ನಿಲ್ಲಿಸಿದರು. ಆಗ ಸ್ಥಾವರ ಬಹಳ ಕಡಿಮೆ ಶಕ್ತಿಯಲ್ಲಿ ನಡೆಯುತ್ತಿತ್ತು. ಹಾಗಾಗಿ ಹಾನಿಯಾಗಲಿಲ್ಲ.

ಸ್ಥಾವರದ ರಿಯಾಕ್ಟರನ್ನು ನಿರ್ಮಿಸಿದ್ದ ಬಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪನಿಯ ಇಂಜಿನಿಯರುಗಳು ಇದರ ಗಂಭೀರತೆಯನ್ನು ಅರಿತರು. ಪಂಪು ನಿಲ್ಲಿಸುವ ಬಗ್ಗೆ ಎಲ್ಲ ಸ್ಥಾವರಗಳಿಗೂ ಹೊಸ ಸೂಚನೆ ಹೋಗಬೇಕು ಎಂದು 1977ರ ನವೆಂಬರ್‌ನಲ್ಲಿ ಒಂದು ಟಿಪ್ಪಣಿ, 1978ರ ಫೆಬ್ರವರಿಯಲ್ಲಿ ಬರ್ಟ್ ಡನ್ ಎಂಬವರ ಇನ್ನೊಂದು ಟಿಪ್ಪಣಿ ಬರೆಯಲಾಯಿತು. ಡನ್ ಅವರು ತಮ್ಮ ಮೊದಲ ವಾಕ್ಯದಲ್ಲಿಯೇ ಇದು ಗಂಭೀರ ಆತಂಕದ ವಿಷಯ ಎಂದು ಹೇಳಿದ್ದರು. ಆದರೂ ಸೂಚನೆ ಹೊರಡಲಿಲ್ಲ. 1978ರ ಆಗಸ್ಟ್ 3ರಂದು ಕಂಪನಿಯ ಇನ್ನೊಂದು ವಿಭಾಗದ ಡೊನಾಲ್ಡ್ ಹಾಲ್‌ಮನ್ ಆ ಎರಡು ಟಿಪ್ಪಣಿಗಳನ್ನು ಲಗತ್ತಿಸಿ, ವಿಷಯವನ್ನು ಬಗೆಹರಿಸಿ ಎಂದು ಮತ್ತೊಂದು ವಿಭಾಗದ ಮುಖ್ಯಸ್ಥರಿಗೆ ಒಂದು ಹೊದಿಕೆ ಟಿಪ್ಪಣಿ ಕಳುಹಿಸಿದರು.

ನಮಗೆ ಮುಖ್ಯವಾದದ್ದು ಈ ಮೂರನೆಯ ಟಿಪ್ಪಣಿ. ಅದರ ವಿಷಯ ಸಾಲು ಚಾಲಕರು ಅಧಿಕ ಒತ್ತಡದ ನೀರೂಡಿಕೆಯನ್ನು ನಿಲ್ಲಿಸುವುದರ ಬಗ್ಗೆ ಎಂದಷ್ಟೇ ಹೇಳುತ್ತಿತ್ತು. ಅಪಾಯ ಎಂಬ ಮಾತು ಅದರಲ್ಲಿರಲಿಲ್ಲ. ಮೊದಲ ವಾಕ್ಯ, ಲಗತ್ತಿಸಿದ ಟಿಪ್ಪಣಿಗಳು ಕಂಪನಿಯ ಧೋರಣೆಯಲ್ಲಿ ಒಂದು ಬದಲಾವಣೆಯನ್ನು ಶಿಫಾರಸು ಮಾಡುತ್ತವೆ ಎಂದು ಹೇಳಿತು. ಆಮೇಲೆ ಆ ಬದಲಾವಣೆಯಿಂದ ಕೊಳವೆಗಳಿಗೆ ಏನಾದೀತು ಎಂಬ ಸಂದೇಹಗಳು ಬಂದವು. ಈಗಿನ ಪದ್ಧತಿ ಮುಂದುವರಿದರೆ ರಿಯಾಕ್ಟರಿನ ಗರ್ಭವೇ ನೀರಿನಿಂದ ಹೊರಬರುವ ಸಾಧ್ಯತೆಯಿದೆ ಎಂಬ ವಾಕ್ಯ ಬಂದದ್ದು ಟಿಪ್ಪಣಿಯ ಕೊನೆಯ ಭಾಗದಲ್ಲಿ, ‘ದಯವಿಟ್ಟು ಬಗೆಹರಿಸಿ’ ಎಂಬ ಕೋರಿಕೆಗೆ ಸ್ವಲ್ಪ ಮೊದಲು. ಕೋರಿಕೆಗೆ ಗಡುವೂ ಇರಲಿಲ್ಲ.

ಸ್ಥಾವರಗಳಿಗೆ ಸೂಚನೆ ಹೋಗಲೇ ಇಲ್ಲ. 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಸ್ಥಾವರದ ಎರಡನೆಯ ಘಟಕದಲ್ಲಿ ಅದೇ ಬಗೆಯ ಕವಾಟ ತೆರೆದೇ ಉಳಿಯಿತು. ಅಲ್ಲಿನ ಚಾಲಕರೂ ಮಾಪಕವನ್ನು ನಂಬಿ ನೀರೂಡಿಕೆಯನ್ನು ತಗ್ಗಿಸಿದರು. ಈ ಸಲ ಸ್ಥಾವರ ಪೂರ್ಣ ಶಕ್ತಿಯ ಹತ್ತಿರ ನಡೆಯುತ್ತಿತ್ತು. ರಿಯಾಕ್ಟರಿನ ಗರ್ಭದ ಸುಮಾರು ಅರ್ಧ ಭಾಗ ಕರಗಿತು.

ಬರಿಯ ಒಂದು ಟಿಪ್ಪಣಿಯ ಜೋಡಣೆಯಿಂದಲೇ ಈ ಅಪಘಾತವಾಯಿತು ಎಂದು ಹೇಳಲಾಗದು. ವಿಭಾಗಗಳ ನಡುವಿನ ಹೊಣೆಗಾರಿಕೆ, ತರಬೇತಿಯ ಕೊರತೆ ಇವೆಲ್ಲ ಕಾರಣಗಳಾಗಿದ್ದವು. ಆದರೆ ಬೇಕಾದ ಮಾಹಿತಿ ಎಂಟು ತಿಂಗಳ ಮೊದಲೇ ಕಾಗದದ ಮೇಲಿತ್ತು. ಅದು ಓದುಗರ ಕಣ್ಣು ಮೊದಲು ಬೀಳುವ ಜಾಗದಲ್ಲಿ ಇರಲಿಲ್ಲ, ಅಷ್ಟೆ.

ಒಂದು ಉದಾಹರಣೆ

ಈಗ ನಮ್ಮ ಕಡೆಗೆ ಬರೋಣ. ಕೆಳಗಿನದು ವಿವರಣೆಗಾಗಿ ಕಲ್ಪಿಸಿಕೊಂಡ ಪ್ರಸಂಗ. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯ ಗದ್ದೆಬಯಲಿನಲ್ಲಿ 11 ಕೆವಿ ವಿದ್ಯುತ್ ಮಾರ್ಗದ ಒಂದು ತಂತಿ, ನವೆಂಬರ್ 12ರ ಬೆಳಿಗ್ಗೆ 5.40ರ ಸುಮಾರಿಗೆ ತುಂಡಾಗಿ ಬದುವಿನ ಮೇಲೆ ಬೀಳುತ್ತದೆ. ರೈತರೊಬ್ಬರ ಮುಂದೆ ಹೋಗುತ್ತಿದ್ದ ಎತ್ತು ಅದನ್ನು ತುಳಿದು ಸಾಯುತ್ತದೆ. ರೈತರು ಫೋನ್ ಮಾಡಿದ ಮೇಲೆ 6.05ಕ್ಕೆ ಉಪಕೇಂದ್ರದ ಸಿಬ್ಬಂದಿ ಆ ಫೀಡರನ್ನು ಬಂದ್ ಮಾಡುತ್ತಾರೆ. ನೀವು ಆ ಶಾಖೆಯ ಕಿರಿಯ ಇಂಜಿನಿಯರ್.

ಈ ಘಟನೆಯಲ್ಲಿ ಅತಿ ಮುಖ್ಯವಾದ ಸಂಗತಿ ಎತ್ತಿನ ಸಾವೊಂದೇ ಅಲ್ಲ. ತಂತಿ ನೆಲಕ್ಕೆ ಬಿದ್ದ ಕೂಡಲೇ ಫೀಡರ್ ತಾನಾಗಿ ಟ್ರಿಪ್ ಆಗಬೇಕಿತ್ತು, ಆಗಲಿಲ್ಲ. ಏಕೆಂದು ನೋಡಿ. 11 ಕೆವಿ ಮಾರ್ಗದ ಒಂದು ತಂತಿಗೂ ನೆಲಕ್ಕೂ ನಡುವಿನ ವೋಲ್ಟೇಜು ಸುಮಾರು 6,350. ಕೊಯ್ಲಿನ ಹೊತ್ತಿಗೆ ಬದು ಒಣಗಿರುತ್ತದೆ. ತಂತಿ ನೆಲವನ್ನು ಮುಟ್ಟುವಲ್ಲಿ 400 ಓಮ್ ರೋಧವಿತ್ತು ಎಂದುಕೊಳ್ಳಿ. ಆಗ ಹರಿಯುವ ವಿದ್ಯುತ್ತು 6,350 ಭಾಗಿಸು 400, ಅಂದರೆ ಸುಮಾರು 16 ಆಂಪಿಯರ್. ಉಪಕೇಂದ್ರದ ಅರ್ತ್ ಫಾಲ್ಟ್ ರಿಲೇಯನ್ನು 40 ಆಂಪಿಯರಿಗೆ ಹೊಂದಿಸಿದ್ದರೆ 16 ಆಂಪಿಯರು ಅದರ ಗಮನಕ್ಕೇ ಬರುವುದಿಲ್ಲ. ರಿಲೇ ಕೆಟ್ಟಿಲ್ಲ, ಆದರೂ ತಂತಿ 25 ನಿಮಿಷ ಜೀವಂತವಾಗಿ ಬಿದ್ದಿತ್ತು. ಅದೇ ತಂತಿ ನೀರು ನಿಂತ ಗದ್ದೆಗೆ ಬಿದ್ದಿದ್ದರೆ ರೋಧ ಕಡಿಮೆಯಾಗಿ, ಹೆಚ್ಚು ವಿದ್ಯುತ್ತು ಹರಿದು, ಬಹುಶಃ ಟ್ರಿಪ್ ಆಗುತ್ತಿತ್ತು.

ಇನ್ನೊಂದು ಸಂಗತಿಯೂ ಇದೆ. ತಂತಿ ತುಂಡಾದದ್ದು ಹಿಂದೆ ಹಾಕಿದ್ದ ಒಂದು ಜೋಡಣೆಯ ಬಳಿ. ಅದೇ ಬಗೆಯ ಜೋಡಣೆ ಅದೇ ಫೀಡರಿನಲ್ಲಿ ಇನ್ನೂ 3 ಕಡೆ ಇದೆ. ತುಂಡಾದ ಭಾಗವನ್ನು ಬೇರ್ಪಡಿಸಿ, 7.20ಕ್ಕೆ ಉಳಿದ ಮಾರ್ಗಕ್ಕೆ ವಿದ್ಯುತ್ ಕೊಡಲಾಗಿದೆ, ಏಕೆಂದರೆ ಕುಡಿಯುವ ನೀರಿನ ಪಂಪು ಅದರ ಮೇಲಿದೆ. ಅಂದರೆ ಆ 3 ಜೋಡಣೆಗಳ ಕೆಳಗೆ ಈಗಲೂ ಜನ ಓಡಾಡುತ್ತಿದ್ದಾರೆ.

ಮೊದಲು ಫೋನ್, ನಂತರ ಇ-ಮೇಲ್

ವಿದ್ಯುತ್ ಅಪಘಾತಗಳ ವರದಿಗೆ ಕಾನೂನಿನ ಚೌಕಟ್ಟು ಇದೆ. 2003ರ ವಿದ್ಯುತ್ ಕಾಯ್ದೆಯ 161ನೇ ಕಲಂ ಅಡಿಯಲ್ಲಿ 2005ರಲ್ಲಿ ಬಂದ ನಿಯಮಗಳು, ಮನುಷ್ಯರಿಗಾಗಲಿ ಪ್ರಾಣಿಗಳಿಗಾಗಲಿ ಸಾವು ಅಥವಾ ಗಾಯವಾದರೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕೆಂದು ಹೇಳುತ್ತವೆ. ಸಾವು ಸಂಭವಿಸಿದ್ದರೆ ತಿಳಿದ 24 ಗಂಟೆಯೊಳಗೆ ತಂತಿ ಸಂದೇಶ, 48 ಗಂಟೆಯೊಳಗೆ ‘ನಮೂನೆ ಎ’ಯಲ್ಲಿ ಲಿಖಿತ ವರದಿ. ಸಾಧ್ಯವಿದ್ದಲ್ಲಿ ಕೂಡಲೇ ದೂರವಾಣಿಯಲ್ಲೂ ಹೇಳಬೇಕು. ತಿಳಿಸುವವರು ಕಿರಿಯ ಇಂಜಿನಿಯರ್ ದರ್ಜೆಗೆ ಕಡಿಮೆಯಿಲ್ಲದವರಾಗಿರಬೇಕು.

ಭಾರತದಲ್ಲಿ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಆದರೆ ಟೆಲಿಗ್ರಾಂ ಕಲಿಸಿದ್ದ ಒಂದು ಶಿಸ್ತು ಇ-ಮೇಲ್‌ಗೆ ಇಂದಿಗೂ ಬೇಕು. ಪದಕ್ಕೆ ಇಷ್ಟು ಎಂದು ದುಡ್ಡು ಕೊಡಬೇಕಾಗಿದ್ದ ಕಾಲದಲ್ಲಿ ಯಾರೂ ‘ವರದಿ ಸಲ್ಲಿಸುತ್ತಿರುವ ಬಗ್ಗೆ’ ಎಂದು ತಂತಿ ಕಳುಹಿಸುತ್ತಿರಲಿಲ್ಲ. ಏನಾಯಿತು, ಎಲ್ಲಿ, ಯಾರಿಗೆ ಏನಾಗಿದೆ, ನೀವೇನು ಮಾಡಬೇಕು ಎಂಬುದಷ್ಟೇ ಇರುತ್ತಿತ್ತು.

ಇಲ್ಲಿ ಇ-ಮೇಲ್‌ನ ಮಿತಿಯನ್ನೂ ನೆನಪಿಡಿ. ಅದು ಕಳುಹಿಸಿದ ಕೂಡಲೇ ಓದಿದಂತಲ್ಲ. ಬದುವಿನ ಮೇಲೆ ತಂತಿ ಇನ್ನೂ ಜೀವಂತವಾಗಿದ್ದರೆ ಇ-ಮೇಲ್ ಬರೆಯುತ್ತ ಕೂರುವ ಹೊತ್ತಲ್ಲ ಅದು, ಫೋನ್ ಮಾಡುವ ಹೊತ್ತು. ಫೋನಿನಲ್ಲಿ ಯಾರಿಗೆ, ಎಷ್ಟು ಗಂಟೆಗೆ ತಿಳಿಸಿದಿರಿ ಎಂಬುದನ್ನು ಇ-ಮೇಲ್‌ನಲ್ಲಿ ಒಂದು ಸಾಲಾಗಿ ದಾಖಲಿಸಿ.

ವಿಷಯ ಸಾಲು

ನಮ್ಮ ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವ ವಿಷಯ ಸಾಲು ಹೀಗಿರುತ್ತದೆ:

```
ವಿದ್ಯುತ್ ಅಪಘಾತದ ವರದಿ ಸಲ್ಲಿಸುತ್ತಿರುವ ಬಗ್ಗೆ.
```

ಇದರಲ್ಲಿ ತಪ್ಪೇನಿಲ್ಲ, ಆದರೆ ಹುರುಳೂ ಇಲ್ಲ. ಒಂದು ತಿಂಗಳಲ್ಲಿ ಬರುವ ಹತ್ತು ವರದಿಗಳಿಗೂ ಇದೇ ಸಾಲು ಒಪ್ಪುತ್ತದೆ. ಹತ್ತಕ್ಕೂ ಒಪ್ಪುವ ಸಾಲು ಯಾವೊಂದನ್ನೂ ಗುರುತಿಸುವುದಿಲ್ಲ. ಇನ್ನು ‘ತುರ್ತು’, ‘ಅತಿ ತುರ್ತು’ ಎಂದು ಸೇರಿಸುವ ರೂಢಿಯಿದೆ. ಎಲ್ಲ ಕಡತಗಳ ಮೇಲೂ ತುರ್ತು ಎಂದೇ ಬರೆದಿರುವುದರಿಂದ ಆ ಪದಕ್ಕೆ ಬೆಲೆ ಉಳಿದಿಲ್ಲ. ತುರ್ತು ಎನ್ನುವ ಬದಲು, ಯಾವ ಸಂಗತಿಯಿಂದ ತುರ್ತು ಎನಿಸುತ್ತದೋ ಆ ಸಂಗತಿಯನ್ನೇ ಬರೆಯಿರಿ:

```
ತಂತಿ ತುಂಡು, ಎತ್ತು ಸಾವು, ಫೀಡರ್ ಟ್ರಿಪ್ ಆಗಿಲ್ಲ: ಕಡರನಾಯಕನಹಳ್ಳಿ 11 ಕೆವಿ, 12-11-2024 ಬೆ. 5.40, ಇಂದೇ ಆದೇಶ ಬೇಕು
```

ಈ ಸಾಲಿನ ಕ್ರಮವನ್ನು ಗಮನಿಸಿ. ಮೊದಲು ಏನಾಯಿತು ಮತ್ತು ಹಾನಿ ಏನು. ಎರಡನೆಯದಾಗಿ, ಈ ಘಟನೆಯನ್ನು ಮಾಮೂಲಿ ಘಟನೆಗಳಿಂದ ಬೇರೆ ಮಾಡುವ ಸಂಗತಿ. ನಂತರ ಸ್ಥಳ, ದಿನಾಂಕ, ವೇಳೆ. ಕೊನೆಗೆ ಓದುವವರಿಂದ ಏನು ಬೇಕು ಎಂಬುದು. ಮೊಬೈಲ್ ಫೋನಿನ ಪರದೆಯಲ್ಲಿ ವಿಷಯ ಸಾಲಿನ ಮೊದಲ ಮೂವತ್ತು ನಲವತ್ತು ಅಕ್ಷರಗಳಷ್ಟೇ ಕಾಣುತ್ತವೆ, ಉಳಿದದ್ದು ಚುಕ್ಕಿಗಳಾಗಿ ಮರೆಯಾಗುತ್ತದೆ. ಆದ್ದರಿಂದ ಶಾಖೆಯ ಹೆಸರು, ಪತ್ರದ ಸಂಖ್ಯೆ ಇವುಗಳಿಂದ ಸಾಲನ್ನು ಆರಂಭಿಸಬೇಡಿ. ಪತ್ರದ ಸಂಖ್ಯೆ ಬೇಕೇ ಬೇಕು ಎಂದಾದರೆ ಇ-ಮೇಲ್‌ನ ಒಡಲಿನಲ್ಲಿ, ಕೆಳಗೆ ಬರಲಿ.

ಇನ್ನೊಂದು ಸೂಕ್ಷ್ಮ: ‘ಫೀಡರ್ ಟ್ರಿಪ್ ಆಗಿಲ್ಲ’ ಎಂದು ಬರೆದಿದ್ದೇವೆ, ‘ರಿಲೇ ಕೆಟ್ಟಿದೆ’ ಎಂದು ಬರೆದಿಲ್ಲ. ಮೊದಲನೆಯದು ಕಂಡ ಸಂಗತಿ. ಎರಡನೆಯದು ಊಹೆ, ಅದೂ ತಪ್ಪು ಊಹೆ ಎಂದು ಮೇಲಿನ ಲೆಕ್ಕವೇ ತೋರಿಸುತ್ತದೆ. ವಿಷಯ ಸಾಲಿನಲ್ಲಿ ಒಮ್ಮೆ ಬರೆದ ಕಾರಣ, ಆಮೇಲಿನ ಪ್ರತಿಯೊಂದು ಉತ್ತರದ ತಲೆಯ ಮೇಲೂ ಕೂತು ತನಿಖೆಯನ್ನು ಒಂದೇ ಕಡೆಗೆ ಎಳೆಯುತ್ತದೆ. ಗಾಯಗೊಂಡವರು, ಸತ್ತವರು ಮನುಷ್ಯರಾಗಿದ್ದರೆ ಅವರ ಹೆಸರೂ ವಿಷಯ ಸಾಲಿಗೆ ಬೇಡ. ‘ಒಬ್ಬರಿಗೆ ಗಾಯ’ ಎಂದರೆ ಸಾಕು, ಹೆಸರು ವರದಿಯೊಳಗೆ ಇರುತ್ತದೆ.

ಮೊದಲ ಸಾಲುಗಳು

ಇ-ಮೇಲ್ ತೆರೆದ ಮೇಲೆ ಸಾಮಾನ್ಯವಾಗಿ ಕಾಣುವುದು ಇಂಥ ವಾಕ್ಯ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅಪಘಾತದ ವರದಿಯನ್ನು ತಮ್ಮ ಅವಗಾಹನೆಗೆ ಹಾಗೂ ಮುಂದಿನ ಸೂಕ್ತ ಕ್ರಮಕ್ಕಾಗಿ ಇದರೊಂದಿಗೆ ಲಗತ್ತಿಸಿ ಸಲ್ಲಿಸಲಾಗಿದೆ.’ ಈ ವಾಕ್ಯದ ದೋಷ ಅದರ ಹಳೆಯ ಶೈಲಿಯಲ್ಲಿಲ್ಲ, ‘ಸೂಕ್ತ ಕ್ರಮ’ ಎಂಬ ಎರಡು ಪದಗಳಲ್ಲಿದೆ. ಯಾವ ಕ್ರಮ ಸೂಕ್ತ ಎಂಬುದು ಸ್ಥಳದಲ್ಲಿದ್ದ ನಿಮಗೆ ಗೊತ್ತು. ಕಚೇರಿಯಲ್ಲಿ ಕುಳಿತವರು ಅದನ್ನು ವರದಿಯಿಂದ ಹುಡುಕಿ ತೆಗೆಯಬೇಕಾಗುತ್ತದೆ. ಹೀಗೆ ಬರೆದು ನೋಡಿ:

```
ಮಾನ್ಯರೇ,

ಇಂದು (12-11-2024) ಬೆಳಿಗ್ಗೆ ಸುಮಾರು 5.40ಕ್ಕೆ ಕಡರನಾಯಕನಹಳ್ಳಿಯ
ಗದ್ದೆಬಯಲಿನಲ್ಲಿ 11 ಕೆವಿ ಮಾರ್ಗದ ಒಂದು ತಂತಿ ತುಂಡಾಗಿ ಬದುವಿನ ಮೇಲೆ
ಬಿದ್ದಿದೆ. ಒಂದು ಎತ್ತು ಸತ್ತಿದೆ. ಮನುಷ್ಯರಿಗೆ ಗಾಯವಾಗಿಲ್ಲ.

ಫೀಡರ್ ತಾನಾಗಿ ಟ್ರಿಪ್ ಆಗಿಲ್ಲ. ರೈತರ ಫೋನ್ ಬಂದ ಮೇಲೆ 6.05ಕ್ಕೆ ಬಂದ್
ಮಾಡಲಾಯಿತು. ತುಂಡಾದ ಭಾಗವನ್ನು ಬೇರ್ಪಡಿಸಿ ಅರ್ತ್ ಮಾಡಲಾಗಿದೆ.
ಅದೇ ಬಗೆಯ ಜೋಡಣೆಯಿರುವ ಇನ್ನೂ 3 ಕಡೆ ವಿದ್ಯುತ್ ಹರಿಯುತ್ತಿದೆ,
ಅವುಗಳ ಪರಿಶೀಲನೆ ಆಗಿಲ್ಲ.

ಕೋರಿಕೆ:
1. ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್: ಆ 3 ಕಡೆ ಪರಿಶೀಲನೆ
   ಆಗುವವರೆಗೆ ಮಾರ್ಗ ಬಂದ್ ಇಡಲು ಇಂದು ಮಧ್ಯಾಹ್ನ 12ರೊಳಗೆ ಆದೇಶ.
2. ವಿದ್ಯುತ್ ಪರಿವೀಕ್ಷಕರು: ಸ್ಥಳ ಪರಿಶೀಲನೆ. ತಾವು ಬರುವವರೆಗೆ
   ತುಂಡಾದ ತಂತಿಯನ್ನು ಹಾಗೆಯೇ ಇಡಲಾಗಿದೆ.

ತಂತಿ ತುಂಡಾದ ಕಾರಣ ಇನ್ನೂ ಖಚಿತವಾಗಿಲ್ಲ.
ಇಬ್ಬರಿಗೂ ಬೆಳಿಗ್ಗೆ 6.30ರೊಳಗೆ ಫೋನ್ ಮೂಲಕ ತಿಳಿಸಲಾಗಿದೆ.
ಲಗತ್ತು: ನಮೂನೆ ಎ, 4 ಚಿತ್ರಗಳು.
```

ಮೊದಲ ಪ್ಯಾರಾ ಲಗತ್ತನ್ನು ತೆರೆಯದೆಯೇ ಘಟನೆಯನ್ನು ಹೇಳಿಬಿಡುತ್ತದೆ. ‘ಮನುಷ್ಯರಿಗೆ ಗಾಯವಾಗಿಲ್ಲ’ ಎಂಬುದನ್ನು ಬರೆಯಲೇಬೇಕು. ಬರೆಯದಿದ್ದರೆ ಗಾಯವಾಗಿಲ್ಲವೋ, ತಿಳಿದಿಲ್ಲವೋ ಎಂಬ ಅನುಮಾನ ಉಳಿಯುತ್ತದೆ, ಅದನ್ನು ಕೇಳಲು ಮೇಲಿನವರು ನಿಮಗೆ ಫೋನ್ ಮಾಡುತ್ತಾರೆ.

ಎರಡನೆಯ ಪ್ಯಾರಾ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅದು ಒಂದೇ ಪ್ರಶ್ನೆಗೆ ಉತ್ತರ: ಅಪಾಯ ಮುಗಿದಿದೆಯೇ, ಇನ್ನೂ ಇದೆಯೇ? ಹಾಲ್‌ಮನ್ ಅವರ ಟಿಪ್ಪಣಿಯಲ್ಲಿ ಈ ಉತ್ತರ ಕೊನೆಗೆ ಬಂತು. ವರದಿಗಳು ಕಾಲಕ್ರಮದಲ್ಲಿ ಸಾಗುವುದರಿಂದ ‘ಉಳಿದ ಅಪಾಯ’ ಸಹಜವಾಗಿಯೇ ಕೊನೆಯ ಪುಟಕ್ಕೆ ಬೀಳುತ್ತದೆ. ಹೊದಿಕೆ ಇ-ಮೇಲ್‌ನ ಕೆಲಸವೇ ಅದನ್ನು ಅಲ್ಲಿಂದ ಎತ್ತಿ ಮೇಲೆ ತರುವುದು.

ಕೋರಿಕೆಯಲ್ಲಿ ಹುದ್ದೆ, ಕೆಲಸ, ಗಡುವು ಒಟ್ಟಿಗೆ ಇರಲಿ. ಕೆಲಸ ಮಾಡಬೇಕಾದವರ ವಿಳಾಸ `To` ಎಂಬಲ್ಲಿ ಬರಬೇಕು, ಮಾಹಿತಿಗಾಗಿ ಮಾತ್ರ ತಿಳಿಸುವವರು `Cc` ಎಂಬಲ್ಲಿ. ಎಂಟು ಜನರನ್ನು `To`ನಲ್ಲಿ ಹಾಕಿ ‘ಸೂಕ್ತ ಕ್ರಮ’ ಕೋರಿದರೆ, ಉಳಿದ ಏಳು ಜನರಲ್ಲಿ ಒಬ್ಬರು ಮಾಡುತ್ತಾರೆಂದು ಪ್ರತಿಯೊಬ್ಬರೂ ತಿಳಿಯುತ್ತಾರೆ. ಮೇಲಿನ ಉದಾಹರಣೆಯಲ್ಲಿ ಮಾರ್ಗ ಬಂದ್ ಮಾಡಿದರೆ ಊರಿನ ಕುಡಿಯುವ ನೀರು ನಿಲ್ಲುತ್ತದೆ. ಅದಕ್ಕೇ ಮೇಲಧಿಕಾರಿಯ ಆದೇಶ ಬೇಕಾದದ್ದು, ಅದಕ್ಕೇ ಗಡುವು ಬೇಕಾದದ್ದು.

ಅಕ್ಷರಗಳ ತೊಡಕು

ಕನ್ನಡದಲ್ಲಿ ವಿಷಯ ಸಾಲು ಬರೆಯುವವರಿಗೆ ಒಂದು ವಿಶೇಷ ತೊಂದರೆಯಿದೆ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ವರದಿಯಿಂದ ಒಂದು ಸಾಲನ್ನು ನಕಲು ಮಾಡಿ ವಿಷಯ ಸಾಲಿಗೆ ಅಂಟಿಸಿದರೆ, ‘ಕನ್ನಡ’ ಎಂಬ ಪದ ಹೀಗೆ ಕಾಣುತ್ತದೆ:

```
PÀ£ÀßqÀ
```

ಆ ಫಾಂಟುಗಳು ರೋಮನ್ ಲಿಪಿಯ ಸಂಕೇತಗಳ ಮೇಲೆ ಕನ್ನಡ ಅಕ್ಷರಗಳ ಆಕಾರವನ್ನು ಕೂರಿಸುತ್ತವೆ. ವಿಷಯ ಸಾಲಿನ ಜೊತೆ ಫಾಂಟು ಪ್ರಯಾಣ ಮಾಡುವುದಿಲ್ಲ, ಸಂಕೇತ ಮಾತ್ರ ಹೋಗುತ್ತದೆ. ಆದ್ದರಿಂದ ವಿಷಯ ಸಾಲನ್ನು ಯೂನಿಕೋಡ್‌ನಲ್ಲಿಯೇ ಬೆರಳಚ್ಚಿಸಬೇಕು.

ಯೂನಿಕೋಡ್‌ನಲ್ಲಿ ಬರೆದರೂ ಇ-ಮೇಲ್ ವ್ಯವಸ್ಥೆ ಕನ್ನಡದ ವಿಷಯ ಸಾಲನ್ನು ಸಾಮಾನ್ಯವಾಗಿ ರೋಮನ್ ಅಕ್ಷರಗಳ ಸಂಕೇತಕ್ಕೆ ತಿರುಗಿಸಿ ಕಳುಹಿಸುತ್ತದೆ, ತಲುಪಿದ ಕಡೆ ಮತ್ತೆ ಕನ್ನಡಕ್ಕೆ ತಿರುಗಿಸುತ್ತದೆ. ‘ಕ’ ಎಂಬ ಒಂದೇ ಅಕ್ಷರ ದಾರಿಯಲ್ಲಿ `=?UTF-8?B?4LKV?=` ಎಂದು ಇರುತ್ತದೆ. ಇಂಥ ಒಂದು ತುಣುಕು 75 ಅಕ್ಷರಗಳನ್ನು ಮೀರುವಂತಿಲ್ಲ, ಹಾಗಾಗಿ ಉದ್ದದ ಸಾಲು ಹಲವು ತುಣುಕುಗಳಾಗುತ್ತದೆ. ತಲುಪಿದ ಕಡೆಯ ತಂತ್ರಾಂಶ ಸರಿಯಿಲ್ಲದಿದ್ದರೆ ತುಣುಕುಗಳು ಹಾಗೆಯೇ ಉಳಿದು, ಓದುಗರಿಗೆ ಅರ್ಥವಿಲ್ಲದ ಸಾಲು ಕಾಣುತ್ತದೆ. ಪರೀಕ್ಷೆ ಸುಲಭ: ಯಾವ ಕಚೇರಿಗೆ ನೀವು ಪದೇಪದೇ ವರದಿ ಕಳುಹಿಸುತ್ತೀರೋ ಅಲ್ಲಿಗೆ, ಅಪಘಾತವಿಲ್ಲದ ಒಂದು ದಿನ, ಕನ್ನಡ ವಿಷಯ ಸಾಲಿನ ಒಂದು ಇ-ಮೇಲ್ ಕಳುಹಿಸಿ, ಹೇಗೆ ಕಾಣುತ್ತದೆ ಎಂದು ಕೇಳಿ.

ಎರಡನೆಯ ವರದಿ ಬಂದಾಗ

ಮೊದಲ ಇ-ಮೇಲ್ ಕಳುಹಿಸಿದ ಮೇಲೆ ಹೊಸ ಮಾಹಿತಿ ಬರುತ್ತದೆ. ಆಗ ಹೊಸದಾಗಿ ಬರೆಯದೆ, ಮೊದಲ ಇ-ಮೇಲ್‌ಗೇ ಉತ್ತರವಾಗಿ, ವಿಷಯ ಸಾಲನ್ನು ಬದಲಿಸದೆ ಕಳುಹಿಸಿ. ಸಾಲು ಬದಲಾದರೆ ಅನೇಕ ಇ-ಮೇಲ್ ಸೇವೆಗಳು ಅದನ್ನು ಬೇರೆಯೇ ಸರಣಿ ಎಂದು ತಿಳಿದು ದೂರ ಇಡುತ್ತವೆ. ಬದಲಾವಣೆಯನ್ನು ಒಡಲಿನ ಮೊದಲ ಸಾಲಿನಲ್ಲಿ ಹೇಳಿ: ‘ಎರಡನೆಯ ವರದಿ, 13-11-2024. 3 ಜೋಡಣೆಗಳ ಪೈಕಿ 2ರಲ್ಲಿ ಎಳೆಗಳು ಕಡಿದಿರುವುದು ಕಂಡಿದೆ. ಮೂರನ್ನೂ ಬದಲಿಸಲಾಗಿದೆ. ಮಾರ್ಗ ಸಂಜೆ 4ಕ್ಕೆ ಚಾಲನೆ.’ ಮೊದಲ ವರದಿಯಲ್ಲಿ ಏನಾದರೂ ತಪ್ಪಿದ್ದರೆ ಅದನ್ನೂ ಇಲ್ಲಿಯೇ ಹೇಳಿ. ಹೊಸ ಲಗತ್ತಿನೊಳಗೆ ಸದ್ದಿಲ್ಲದೆ ತಿದ್ದಿದರೆ, ಎರಡು ವರದಿಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆ ತನಿಖೆಯ ದಿನ ಏಳುತ್ತದೆ.

ಕಳುಹಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಲಗತ್ತನ್ನು ತೆಗೆದುಬಿಟ್ಟು, ಉಳಿದ ಇ-ಮೇಲ್ ಅನ್ನು ಆ ದಿನ ಸ್ಥಳದಲ್ಲಿಲ್ಲದ ಸಹೋದ್ಯೋಗಿಯೊಬ್ಬರಿಗೆ ಓದಲು ಕೊಡಿ. ಏನಾಯಿತು, ಅಪಾಯ ಇನ್ನೂ ಇದೆಯೇ, ಯಾರು ಎಷ್ಟು ಹೊತ್ತಿಗೆ ಏನು ಮಾಡಬೇಕು ಎಂದು ಕೇಳಿ. ಮೂರಕ್ಕೂ ಅವರು ಉತ್ತರ ಹೇಳಿದರೆ ಲಗತ್ತನ್ನು ಮತ್ತೆ ಸೇರಿಸಿ ಕಳುಹಿಸಬಹುದು. ಅವರು ‘ವರದಿ ನೋಡಿ ಹೇಳುತ್ತೇನೆ’ ಎಂದರೆ, ಹೊದಿಕೆ ಇ-ಮೇಲ್ ಅನ್ನು ಮತ್ತೊಮ್ಮೆ ಬರೆಯಬೇಕು.